ನಾಲ್ಕರಿಂದ ಭಾಗಿಸಿ ನೋಡಿ

2027 ಮತ್ತು 2029, ಇವೆರಡೂ ಅವಿಭಾಜ್ಯ ಸಂಖ್ಯೆಗಳು. ಒಂದನ್ನೂ ತಮ್ಮನ್ನೂ ಬಿಟ್ಟರೆ ಬೇರೆ ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗುವುದಿಲ್ಲ. ನಡುವೆ ಒಂದೇ ಒಂದು ಸಮಸಂಖ್ಯೆ ಇರುವುದರಿಂದ ಇವನ್ನು ಅವಳಿ ಅವಿಭಾಜ್ಯಗಳು ಅನ್ನುತ್ತಾರೆ. ಆದರೆ ಈ ಅವಳಿಗಳ ಗುಣ ಒಂದು ವಿಷಯದಲ್ಲಿ ತೀರಾ ಬೇರೆ. 2029ನ್ನು ಎರಡು ವರ್ಗಸಂಖ್ಯೆಗಳ ಮೊತ್ತವಾಗಿ ಬರೆಯಬಹುದು: 45ರ ವರ್ಗ 2025, 2ರ ವರ್ಗ 4, ಕೂಡಿದರೆ 2029. ಹಾಗೆಯೇ 2027ನ್ನೂ ಒಡೆಯೋಣ ಎಂದು ಹೊರಟರೆ ದಾರಿ ಸಿಗುವುದಿಲ್ಲ. 2025 ಕಳೆದರೆ 2 ಉಳಿಯುತ್ತದೆ, ಅದು ವರ್ಗವಲ್ಲ. 44ರ ವರ್ಗ 1936 ಕಳೆದರೆ 91, ಅದೂ ಅಲ್ಲ. 43ರ ವರ್ಗ ಕಳೆದರೆ 178. ಹೀಗೆ 32ರವರೆಗೆ ಇಳಿದುಬಂದರೂ ಫಲವಿಲ್ಲ.

ಇಷ್ಟು ಕಳೆಯುವ ಕೆಲಸ ಮಾಡದೆಯೇ ಎರಡೂ ಉತ್ತರಗಳನ್ನು ಹೇಳಬಹುದು. ಸಂಖ್ಯೆಯನ್ನು 4ರಿಂದ ಭಾಗಿಸಿ ಶೇಷ ನೋಡಬೇಕು. 100 ಎಂಬುದು 4ರಿಂದ ಪೂರ್ತಿ ಭಾಗವಾಗುವುದರಿಂದ ಕೊನೆಯ ಎರಡು ಅಂಕಿಗಳನ್ನು ನೋಡಿದರೂ ಸಾಕು. 29ನ್ನು 4ರಿಂದ ಭಾಗಿಸಿದರೆ ಶೇಷ 1, 27ನ್ನು ಭಾಗಿಸಿದರೆ ಶೇಷ 3. ಅವಿಭಾಜ್ಯ ಸಂಖ್ಯೆಯೊಂದು ಶೇಷ 1 ಕೊಟ್ಟರೆ ಅದು ಎರಡು ವರ್ಗಗಳ ಮೊತ್ತ ಆಗಿಯೇ ಆಗುತ್ತದೆ. 3 ಕೊಟ್ಟರೆ ಎಂದೂ ಆಗುವುದಿಲ್ಲ. ಅವಿಭಾಜ್ಯಗಳಲ್ಲಿ ಸಮಸಂಖ್ಯೆ 2 ಒಂದೇ, ಅದು 1 + 1. ಅಲ್ಲಿಗೆ ಎಲ್ಲ ಅವಿಭಾಜ್ಯಗಳ ಲೆಕ್ಕವೂ ಮುಗಿಯಿತು.

ಫ್ರಾನ್ಸಿನ ತುಲೂಸ್ ನಗರದಲ್ಲಿ ನ್ಯಾಯಾಂಗದ ಹುದ್ದೆಯಲ್ಲಿದ್ದ ಪಿಯರ್ ದ ಫರ್ಮಾ ಈ ಮಾತನ್ನು 1640ರ ಡಿಸೆಂಬರ್ 25ರಂದು ಮೆರ್ಸೆನ್ ಎಂಬ ಪಾದ್ರಿಗೆ ಬರೆದ ಪತ್ರದಲ್ಲಿ ತಿಳಿಸಿದ. ಆಲ್ಬರ್ ಜಿರಾರ್ ಎಂಬ ಗಣಿತಜ್ಞ ಅದಕ್ಕೂ ಮೊದಲೇ ಇದನ್ನು ಗಮನಿಸಿ ಬರೆದಿದ್ದ. ಇಬ್ಬರೂ ಸಾಧನೆಯನ್ನು ಕೊಡಲಿಲ್ಲ. ಫರ್ಮಾ 1659ರಲ್ಲಿ ಇನ್ನೊಂದು ಪತ್ರದಲ್ಲಿ ತನ್ನ ವಿಧಾನದ ಸುಳಿವು ಮಾತ್ರ ಬಿಟ್ಟುಕೊಟ್ಟ. ಶೇಷ 1 ಬರುವ ಒಂದು ಅವಿಭಾಜ್ಯ ಈ ನಿಯಮ ಮುರಿದರೆ ಅದಕ್ಕಿಂತ ಚಿಕ್ಕದೊಂದೂ ಮುರಿಯಬೇಕಾಗುತ್ತದೆ, ಅದಕ್ಕಿಂತ ಚಿಕ್ಕದೂ ಮುರಿಯಬೇಕಾಗುತ್ತದೆ, ಇಳಿಯುತ್ತ ಇಳಿಯುತ್ತ ಕೊನೆಗೆ 5ಕ್ಕೆ ಬರುತ್ತೇವೆ, ಆದರೆ 5 ಎಂಬುದು 4 + 1 ಆಗಿಯೇ ಇದೆಯಲ್ಲ ಎಂಬುದು ಅವನ ವಾದದ ಧಾಟಿ. ಆ ಇಳಿಯುವಿಕೆಯ ಒಂದೊಂದು ಮೆಟ್ಟಿಲನ್ನೂ ಕಟ್ಟಿ ತೋರಿಸಲು ಆಯ್ಲರ್ ಬರಬೇಕಾಯಿತು. ಅವನು ಪೂರ್ಣ ಸಾಧನೆಯನ್ನು ಗೋಲ್ಡ್‌ಬಾಕ್‌ಗೆ ಪತ್ರದಲ್ಲಿ ತಿಳಿಸಿದ್ದು 1749ರಲ್ಲಿ, ಫರ್ಮಾನ ಪತ್ರ ಬಂದು ನೂರು ವರ್ಷ ಕಳೆದ ಮೇಲೆ.

ನಿಯಮದ ಎರಡು ಭಾಗಗಳಲ್ಲಿ ‘ಆಗುವುದಿಲ್ಲ’ ಎಂಬ ಭಾಗ ಸುಲಭ. ಸಮಸಂಖ್ಯೆಯ ವರ್ಗದಲ್ಲಿ ಎರಡು ಸಲ 2 ಸೇರಿರುತ್ತದೆ, ಆದ್ದರಿಂದ ಅದು 4ರಿಂದ ಭಾಗವಾಗುತ್ತದೆ, ಶೇಷ 0. ಬೆಸಸಂಖ್ಯೆಯ ವರ್ಗ ಯಾವಾಗಲೂ 4ರ ಗುಣಕಕ್ಕಿಂತ ಒಂದು ಹೆಚ್ಚು: 9, 25, 49, 81, ಯಾವುದನ್ನು ಬೇಕಾದರೂ ಭಾಗಿಸಿ ನೋಡಿ, ಶೇಷ 1. ಹಾಗಾದರೆ ಎರಡು ವರ್ಗಗಳನ್ನು ಕೂಡಿದಾಗ ಶೇಷ 0 + 0, 0 + 1 ಅಥವಾ 1 + 1 ಆಗಬಹುದೇ ಹೊರತು 3 ಆಗಲು ಸಾಧ್ಯವೇ ಇಲ್ಲ. 2027ರ ಕಥೆ ಇಲ್ಲಿಗೆ ಮುಗಿಯಿತು. ಈ ಮಾತಿಗೆ ಸಂಖ್ಯೆ ಅವಿಭಾಜ್ಯವಾಗಿರಬೇಕೆಂಬ ಷರತ್ತು ಕೂಡ ಬೇಕಿಲ್ಲ. ಶೇಷ 3 ಬರುವ ಯಾವ ಸಂಖ್ಯೆಯೂ ಎರಡು ವರ್ಗಗಳ ಮೊತ್ತವಲ್ಲ.

ಕಷ್ಟವಿರುವುದು ‘ಆಗಿಯೇ ಆಗುತ್ತದೆ’ ಎಂಬ ಭಾಗದಲ್ಲಿ. ಶೇಷ 3 ಬಂದರೆ ಬಾಗಿಲು ಮುಚ್ಚಿದೆ ಎಂಬುದೇನೋ ತಿಳಿಯಿತು. ಆದರೆ ಶೇಷ 1 ಬಂದ ಮಾತ್ರಕ್ಕೆ ಆ ವರ್ಗಗಳು ಎಲ್ಲೋ ಇರಲೇಬೇಕು ಎನ್ನಲು ಆಧಾರವೇನು? ಕೇಂಬ್ರಿಜ್‌ನ ಜಿ. ಎಚ್. ಹಾರ್ಡಿ 1940ರಲ್ಲಿ ಬರೆದ ‘ಎ ಮ್ಯಾಥಮೆಟಿಷಿಯನ್ಸ್ ಅಪಾಲಜಿ’ ಪುಸ್ತಕದಲ್ಲಿ ಈ ಪ್ರಮೇಯವನ್ನು ಅಂಕಗಣಿತದ ಅತ್ಯುತ್ತಮ ಪ್ರಮೇಯಗಳ ಸಾಲಿಗೆ ಸೇರಿಸಿ, ಸಾಕಷ್ಟು ಪರಿಣತಿ ಇಲ್ಲದವರಿಗೆ ಇದರ ಸಾಧನೆ ದಕ್ಕುವುದಿಲ್ಲ ಎಂದು ವಿಷಾದಿಸುತ್ತಾನೆ. ರಾಮಾನುಜನ್‌ನ ಪ್ರತಿಭೆಯನ್ನು ಗುರುತಿಸಿದ ಹಾರ್ಡಿಯ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೂ ಇಲ್ಲಿ ನನಗೆ ಅವನ ಮಾತು ಒಪ್ಪಿಗೆಯಾಗುವುದಿಲ್ಲ. ಗುಣಾಕಾರ, ಭಾಗಾಕಾರ ಬಲ್ಲವರು, ಸ್ವಲ್ಪ ಸಮಾಧಾನವಿದ್ದರೆ, ಒಂದು ಚಿಕ್ಕ ಸಂಖ್ಯೆಯನ್ನು ಹಿಡಿದು ಇಡೀ ಸಾಧನೆಯನ್ನು ನಡೆದು ನೋಡಬಹುದು. ಅದಕ್ಕೆ 13 ತಕ್ಕ ಸಂಖ್ಯೆ. ಅದು 9 + 4 ಎಂಬುದು ನಮಗೆ ಗೊತ್ತೇ ಇದೆ. ಆದರೆ ಗೊತ್ತಿಲ್ಲವೆಂದೇ ಇಟ್ಟುಕೊಂಡು, 13 ಅವಿಭಾಜ್ಯ, 4ರಿಂದ ಭಾಗಿಸಿದರೆ ಶೇಷ 1, ಇವೆರಡೇ ಸಂಗತಿಗಳಿಂದ ಹೊರಡೋಣ.

ಮೊದಲ ಹೆಜ್ಜೆಯಲ್ಲಿ ಹುಡುಕಬೇಕಾದದ್ದು ಒಂದು ವಿಶೇಷ ಸಂಖ್ಯೆಯನ್ನು. ಅದರ ವರ್ಗಕ್ಕೆ 1 ಕೂಡಿದರೆ 13ರಿಂದ ಪೂರ್ತಿ ಭಾಗವಾಗಬೇಕು. ಅಂಥದ್ದು ಇದ್ದೇ ಇರುತ್ತದೆ ಎಂದು ತೋರಿಸಲು 1ರಿಂದ 12ರವರೆಗಿನ ಸಂಖ್ಯೆಗಳನ್ನೆಲ್ಲ ಗುಣಿಸಿ, ಆ ಗುಣಲಬ್ಧವನ್ನು 13ರಿಂದ ಭಾಗಿಸಿದರೆ ಶೇಷವೆಷ್ಟು ಎಂದು ಕೇಳಿಕೊಳ್ಳೋಣ. ಗುಣಿಸುತ್ತ ಕೂರಬೇಕಾಗಿಲ್ಲ, ಜೋಡಿ ಹಾಕಿದರೆ ಆಯಿತು. 2 ಮತ್ತು 7 ಗುಣಿಸಿದರೆ 14, ಶೇಷ 1. 3 ಮತ್ತು 9 ಸೇರಿದರೆ 27, ಶೇಷ 1. 4 ಮತ್ತು 10ರಿಂದ 40, 5 ಮತ್ತು 8ರಿಂದಲೂ 40, ಎರಡಕ್ಕೂ ಶೇಷ 1. 6 ಮತ್ತು 11ರಿಂದ 66, ಅದಕ್ಕೂ ಶೇಷ 1. ಜೋಡಿ ಸಿಗದೆ ಉಳಿದವು 1 ಮತ್ತು 12 ಮಾತ್ರ. ಜೋಡಿಗಳೆಲ್ಲ 1 ಆಗಿ ಕರಗಿಹೋದವು, ಆದ್ದರಿಂದ ಒಟ್ಟು ಗುಣಲಬ್ಧದ ಶೇಷ 12. ಹನ್ನೆರಡು ಶೇಷ ಉಳಿಯುವುದೂ ಪೂರ್ತಿ ಭಾಗವಾಗಲು ಒಂದು ಕಡಿಮೆ ಬೀಳುವುದೂ ಒಂದೇ, ಹಾಗಾಗಿ ಅದನ್ನು −1 ಎಂದು ಬರೆದುಕೊಳ್ಳಬಹುದು. ಅವಿಭಾಜ್ಯ ಯಾವುದೇ ಆದರೂ ಹೀಗೆಯೇ ಆಗುತ್ತದೆ. ವಿಲ್ಸನ್ ಪ್ರಮೇಯ ಎಂದು ಹೆಸರಾದ ಇದನ್ನು 1771ರಲ್ಲಿ ಸಾಧಿಸಿ ತೋರಿಸಿದವನು ಲಗ್ರಾಂಜ್.

ಈಗ ಅದೇ ಹನ್ನೆರಡು ಸಂಖ್ಯೆಗಳನ್ನು ನಡುವೆ ಕತ್ತರಿಸಿ. ಈಚೆಗೆ 1ರಿಂದ 6, ಆಚೆಗೆ 7ರಿಂದ 12. 13ರ ಭಾಗಾಕಾರದಲ್ಲಿ 12 ಎಂದರೆ −1, 11 ಎಂದರೆ −2, ಹಾಗೆಯೇ 7 ಎಂದರೆ −6. ಆಚೆಯ ಆರೂ ಈಚೆಯ ಆರೇ, ಋಣಚಿಹ್ನೆ ಹೊತ್ತಿವೆ ಅಷ್ಟೆ. ಋಣಚಿಹ್ನೆಗಳು ಆರು, ಸಮಸಂಖ್ಯೆಯಲ್ಲಿವೆ, ಗುಣಿಸಿದಾಗ ಎಲ್ಲ ಅಳಿಸಿಹೋಗುತ್ತವೆ. ಹಾಗಾದರೆ ಇಡೀ ಗುಣಲಬ್ಧ ಎಂದರೆ 1ರಿಂದ 6ರವರೆಗಿನ ಗುಣಲಬ್ಧದ ವರ್ಗ, ಅದರ ಶೇಷ −1. ಬೇಕಾದ ಸಂಖ್ಯೆ ಸಿಕ್ಕಿತು. 1ರಿಂದ 6ರವರೆಗೆ ಗುಣಿಸಿದರೆ 720, 13ರಿಂದ ಭಾಗಿಸಿದರೆ ಶೇಷ 5. 5ರ ವರ್ಗ 25, ಒಂದು ಕೂಡಿದರೆ 26, ಅಂದರೆ 13ರ ಎರಡರಷ್ಟು.

ನಾಲ್ಕರ ಶೇಷ ತನ್ನ ಕೆಲಸ ಮಾಡಿದ್ದು ಇಲ್ಲಿ, ಈ ಋಣಚಿಹ್ನೆಗಳನ್ನು ಎಣಿಸುವಲ್ಲಿ. ಅವಿಭಾಜ್ಯದಿಂದ ಒಂದು ಕಳೆದು ಅರ್ಧ ಮಾಡಿದರೆ ಬರುವ ಸಂಖ್ಯೆ ಸಮವಾಗಬೇಕಾದರೆ ಶೇಷ 1 ಇರಲೇಬೇಕು. ಶೇಷ 3 ಕೊಡುವ 7ನ್ನು ತೆಗೆದುಕೊಂಡರೆ ಅರ್ಧ ಮೂರು, ಬೆಸ; ಒಂದು ಋಣಚಿಹ್ನೆ ಅಳಿಯದೆ ಉಳಿದು ಲೆಕ್ಕ ಕೆಡುತ್ತದೆ. 1, 2, 3 ಗುಣಿಸಿದರೆ 6, ಅದರ ವರ್ಗ 36, ಏಳರಿಂದ ಭಾಗಿಸಿದರೆ ಶೇಷ −1 ಬದಲು 1. ಸಣ್ಣ ಸಂಖ್ಯೆಗಳಲ್ಲಿ ಇದನ್ನು ಕೈಯಾರೆ ಮಾಡಿ ನೋಡುವವರೆಗೆ ನಾಲ್ಕಕ್ಕೂ ವರ್ಗಗಳಿಗೂ ಇರುವ ಈ ನಂಟು ಮನಸ್ಸಿಗೆ ಹತ್ತುವುದಿಲ್ಲ ಎಂಬುದು ನನ್ನ ಅನುಭವ.

ಎರಡನೆಯ ಹೆಜ್ಜೆ ನಾರ್ವೆಯ ಆಕ್ಸೆಲ್ ತೂ ಎಂಬವನ ಹೆಸರಿನಲ್ಲಿ ಪ್ರಸಿದ್ಧ. 13ರ ವರ್ಗಮೂಲ ಮೂರೂವರೆಗಿಂತ ತುಸು ಹೆಚ್ಚು. ಆದ್ದರಿಂದ 0, 1, 2, 3 ಎಂಬ ನಾಲ್ಕು ಸಂಖ್ಯೆಗಳನ್ನಷ್ಟೇ ಬಳಸಿ ಎರಡೆರಡರ ಜೋಡಿಗಳನ್ನು ಬರೆಯಿರಿ. ಒಟ್ಟು ಹದಿನಾರು ಜೋಡಿಗಳು. ಪ್ರತಿ ಜೋಡಿಯಲ್ಲೂ ಮೊದಲನೆಯದಕ್ಕೆ ಎರಡನೆಯದರ ಐದರಷ್ಟನ್ನು ಕೂಡಿ, 13ರಿಂದ ಭಾಗಿಸಿ, ಶೇಷ ಬರೆದುಕೊಳ್ಳಿ. ಈ ಐದು ಎಂದರೆ ಆಗಲೇ ಸಿಕ್ಕ ವಿಶೇಷ ಸಂಖ್ಯೆ. ಶೇಷಗಳು 0ರಿಂದ 12ರವರೆಗೆ, ಹದಿಮೂರೇ ಬಗೆ. ಹದಿಮೂರು ಕುರ್ಚಿಗಳಲ್ಲಿ ಹದಿನಾರು ಮಂದಿಯನ್ನು ಕೂರಿಸಿದರೆ ಎಲ್ಲೋ ಒಂದೆಡೆ ಇಬ್ಬರು ಒಂದೇ ಕುರ್ಚಿಯಲ್ಲಿ ಕೂರಲೇಬೇಕು. ಹಾಗೆ ಎರಡು ಬೇರೆ ಜೋಡಿಗಳಿಗೆ ಒಂದೇ ಶೇಷ ಬಂದೇ ತೀರಬೇಕು.

ಪಟ್ಟಿ ಮಾಡಿದರೆ ಹೀಗಿದೆ. ಎರಡನೆಯದು 0 ಇದ್ದಾಗ ಶೇಷಗಳು 0, 1, 2, 3. ಎರಡನೆಯದು 1 ಇದ್ದಾಗ 5, 6, 7, 8. ಎರಡನೆಯದು 2 ಇದ್ದಾಗ 10, 11, 12, ಆಮೇಲೆ 13 ಬರುವುದರಿಂದ 0. ಎರಡನೆಯದು 3 ಇದ್ದಾಗ 2, 3, 4, 5. ನೋಡಿ, 0 ಎರಡು ಸಲ ಬಂದಿದೆ: (0, 0) ಜೋಡಿಗೆ ಒಮ್ಮೆ, (3, 2) ಜೋಡಿಗೆ ಇನ್ನೊಮ್ಮೆ. ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವುದು 3 ಮತ್ತು 2. ಅವುಗಳ ವರ್ಗಗಳು 9 ಮತ್ತು 4, ಮೊತ್ತ 13. ಶೇಷ 2 ಕೂಡ ಎರಡು ಸಲ ಬಂದಿದೆ, (2, 0) ಮತ್ತು (0, 3) ಜೋಡಿಗಳಿಗೆ. ಅವುಗಳ ವ್ಯತ್ಯಾಸ 2 ಮತ್ತು −3. ಮತ್ತೆ ಅದೇ 4 + 9.

ಇದು ಕಾಕತಾಳೀಯವಲ್ಲ. ಎರಡು ಜೋಡಿಗಳಿಗೆ ಒಂದೇ ಶೇಷ ಬಂದಿದೆ ಎಂದರೆ ವ್ಯತ್ಯಾಸದ ಮೊದಲ ಸಂಖ್ಯೆ, 13ರ ಲೆಕ್ಕದಲ್ಲಿ, ಎರಡನೆಯದರ −5 ಪಟ್ಟು. ವರ್ಗ ಮಾಡಿದರೆ 25 ಪಟ್ಟು, ಅಂದರೆ −1 ಪಟ್ಟು. ಹಾಗಾಗಿ ಎರಡು ವರ್ಗಗಳನ್ನು ಕೂಡಿದಾಗ 13ರಿಂದ ಪೂರ್ತಿ ಭಾಗವಾಗುತ್ತದೆ. ಮೊತ್ತ 13 ಆಗಿರಬಹುದು, 26 ಅಥವಾ 39 ಆಗಿರಬಹುದು. ಆದರೆ ನಾವು ಬಳಸಿದ್ದು 3ರವರೆಗಿನ ಸಂಖ್ಯೆಗಳನ್ನು ಮಾತ್ರ, ಮೊತ್ತ 9 + 9 ಎಂಬ 18ನ್ನು ದಾಟಲಾರದು. ಜೋಡಿಗಳು ಬೇರೆ ಬೇರೆ ಆದ್ದರಿಂದ ಸೊನ್ನೆಯೂ ಆಗಲಾರದು. ಉಳಿದದ್ದು 13 ಒಂದೇ. ಇದೇ ಮಾತನ್ನು 29ಕ್ಕೋ 2029ಕ್ಕೋ ಹೇಳಬೇಕಾದರೆ ಸಂಖ್ಯೆಗಳನ್ನು ಬದಲಿಸಿದರೆ ಸಾಕು. ವರ್ಗಮೂಲದವರೆಗೆ ತೆಗೆದುಕೊಂಡ ಜೋಡಿಗಳು ಯಾವಾಗಲೂ ಅವಿಭಾಜ್ಯಕ್ಕಿಂತ ಹೆಚ್ಚಿರುತ್ತವೆ, ಮೊತ್ತ ಯಾವಾಗಲೂ ಅದರ ಎರಡರಷ್ಟಕ್ಕಿಂತ ಕಡಿಮೆ ಇರುತ್ತದೆ.

1990ರಲ್ಲಿ ಡಾನ್ ಝಾಗಿಯೆ ಇದೇ ಪ್ರಮೇಯಕ್ಕೆ ಒಂದೇ ವಾಕ್ಯದ ಸಾಧನೆ ಪ್ರಕಟಿಸಿದರು. ಚಿಕ್ಕದಾದರೂ ಆ ವಾಕ್ಯವನ್ನು ಬಿಡಿಸಲು ಪುಟಗಳೇ ಬೇಕು, ಬಿಡಿಸಿದ ಮೇಲೂ ವರ್ಗಗಳು ಇವೆ ಎಂದಷ್ಟೇ ತಿಳಿಯುತ್ತದೆ. ಸಾಮಾನ್ಯ ಓದುಗರಿಗೆ ಕುರ್ಚಿಗಳ ದಾರಿಯೇ ಮೇಲು ಎಂದು ನನ್ನ ಎಣಿಕೆ.

ದೊಡ್ಡ ಸಂಖ್ಯೆಗಳಲ್ಲಿ ಈ ದಾರಿಯಲ್ಲೇ ನಡೆಯುವುದು ಮಾತ್ರ ಆಗದ ಕೆಲಸ. 2029ಕ್ಕೆ ವಿಶೇಷ ಸಂಖ್ಯೆ ಬೇಕೆಂದು 1ರಿಂದ 1014ರವರೆಗೆ ಗುಣಿಸಹೊರಟರೆ ಬರುವ ಉತ್ತರದಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು ಅಂಕಿಗಳಿರುತ್ತವೆ. ಅದಕ್ಕೊಂದು ಒಳದಾರಿ ಇದೆ. 2029ರಿಂದ ಒಂದು ಕಳೆದು ನಾಲ್ಕರಿಂದ ಭಾಗಿಸಿದರೆ 507. ಯಾವುದಾದರೂ ಒಂದು ಚಿಕ್ಕ ಸಂಖ್ಯೆಯನ್ನು, 2 ಅನ್ನೋಣ, 507ನೇ ಘಾತಕ್ಕೆ ಏರಿಸಿ 2029ರಿಂದ ಭಾಗಿಸಿ ಶೇಷ ನೋಡುವುದು. ಏರಿಸುವುದೆಂದರೆ 507 ಸಲ ಗುಣಿಸುವುದಲ್ಲ. ವರ್ಗ ಮಾಡಿ ಶೇಷ ತೆಗೆದುಕೊಳ್ಳುವುದು, ಆ ಶೇಷದ ವರ್ಗ ಮಾಡಿ ಮತ್ತೆ ಶೇಷ ತೆಗೆದುಕೊಳ್ಳುವುದು. ಎಂಟನೇ ಘಾತ 256, ಹದಿನಾರನೆಯದಕ್ಕೆ ಶೇಷ 608, ಮೂವತ್ತೆರಡನೆಯದಕ್ಕೆ 386, ಹೀಗೆ 256ನೇ ಘಾತದವರೆಗೆ ಹೋಗಿ ಬೇಕಾದವನ್ನು ಗುಣಿಸಿಕೊಂಡರೆ ಕೊನೆಗೆ 992 ಬರುತ್ತದೆ. 992ರ ವರ್ಗಕ್ಕೆ ಒಂದು ಕೂಡಿದರೆ 9,84,065, ಅದು 2029ರ ಸರಿಯಾಗಿ 485ರಷ್ಟು. ವಿಶೇಷ ಸಂಖ್ಯೆ ಸಿಕ್ಕಿತು. ಎಲ್ಲ ಸಲವೂ 2 ಕೈಹಿಡಿಯುತ್ತದೆ ಎನ್ನುವಂತಿಲ್ಲ. ಶೇಷ 1 ಅಥವಾ −1 ಬಂದರೆ ಪ್ರಯತ್ನ ವ್ಯರ್ಥ. 3ನ್ನೋ 5ನ್ನೋ ಹಿಡಿದು ಮತ್ತೆ ಹೊರಡಬೇಕು. ಒಟ್ಟು ಸಂಖ್ಯೆಗಳಲ್ಲಿ ಅರ್ಧದಷ್ಟು ಫಲ ಕೊಡುವುದರಿಂದ ಬಹಳ ಕಾಯಬೇಕಾಗುವುದಿಲ್ಲ.

ಅಲ್ಲಿಂದ ಮುಂದೆ ಹದಿನಾರು ಜೋಡಿಗಳಂಥ ಪಟ್ಟಿಯ ಹಂಗೂ ಇಲ್ಲ. 1848ರಲ್ಲಿ ಫ್ರಾನ್ಸಿನ ಎರ್ಮಿತ್ ಮತ್ತು ಸೆರೆ ತೋರಿಸಿದಂತೆ, ಶಾಲೆಯಲ್ಲಿ ಮ.ಸಾ.ಅ. ಹುಡುಕಲು ಕಲಿತ ಯೂಕ್ಲಿಡ್‌ನ ಭಾಗಾಕಾರವೇ ವರ್ಗಗಳನ್ನು ತಂದುಕೊಡುತ್ತದೆ. 2029ನ್ನು 992ರಿಂದ ಭಾಗಿಸಿ, ಶೇಷ 45. 992ನ್ನು 45ರಿಂದ ಭಾಗಿಸಿ, ಶೇಷ 2. 2029ರ ವರ್ಗಮೂಲ 45ಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಅದಕ್ಕಿಂತ ಕೆಳಗೆ ಬಂದ ಮೊದಲ ಎರಡು ಶೇಷಗಳೇ ಉತ್ತರ. 45 ಮತ್ತು 2. ನೂರಾರು ಅಂಕಿಗಳ ಅವಿಭಾಜ್ಯಕ್ಕೂ ಕಂಪ್ಯೂಟರು ಹೀಗೆಯೇ ಕ್ಷಣದಲ್ಲಿ ವರ್ಗಗಳನ್ನು ಹುಡುಕಿಕೊಡುತ್ತದೆ.

ಈ ಪರೀಕ್ಷೆಯಲ್ಲಿ ಎಡವುವ ಜಾಗ ಒಂದಿದೆ. ಸಂಖ್ಯೆ ಅವಿಭಾಜ್ಯ ಹೌದೋ ಅಲ್ಲವೋ ಎಂದು ನೋಡದೆ ನಾಲ್ಕರಿಂದ ಭಾಗಿಸಲು ಹೊರಟರೆ ಮೋಸಹೋಗುತ್ತೇವೆ. 21ಕ್ಕೆ ಶೇಷ 1 ಇದೆ, ಆದರೆ 1, 4, 9, 16 ಇವುಗಳನ್ನು ಕಳೆದು ನೋಡಿದರೆ ಉಳಿಯುವುದು 20, 17, 12, 5. ಒಂದೂ ವರ್ಗವಲ್ಲ. 21 ಎಂದರೆ 3 × 7, ಎರಡೂ ಶೇಷ 3 ಕೊಡುವ ಅವಿಭಾಜ್ಯಗಳು. ಮೂರು ಮೂರರಲ್ಲಿ ಗುಣಿಸಿದರೆ ಒಂಬತ್ತು, ನಾಲ್ಕರ ಲೆಕ್ಕದಲ್ಲಿ ಶೇಷ 1. ಎರಡು ದೋಷಗಳು ಸೇರಿ ಹೊರಗೆ ಕಾಣದಂತಾಗಿವೆ. ಸಂಯುಕ್ತ ಸಂಖ್ಯೆಯಾದರೆ ಅದನ್ನು ಅಪವರ್ತಿಸಿ, ಶೇಷ 3ರ ಅವಿಭಾಜ್ಯಗಳು ಒಂದೊಂದೂ ಸಮಸಲ ಬಂದಿವೆಯೇ ಎಂದು ನೋಡಬೇಕು. 45ರಲ್ಲಿ 3 ಎರಡು ಸಲ ಬಂದಿದೆ, ಆದ್ದರಿಂದ ಅದು 36 + 9 ಆಗುತ್ತದೆ.

ಶೇಷ 1ರ ಅವಿಭಾಜ್ಯಗಳನ್ನು ಎಷ್ಟು ಗುಣಿಸಿದರೂ ತೊಂದರೆಯಿಲ್ಲ, ಏಕೆಂದರೆ ಎರಡು ವರ್ಗಗಳ ಮೊತ್ತವನ್ನು ಇನ್ನೊಂದು ಅಂಥದ್ದರಿಂದ ಗುಣಿಸಿದರೆ ಬರುವುದೂ ಅಂಥದ್ದೇ. ಗ್ರೀಕರ ಡಯೋಫಾಂಟಸ್‌ಗೆ ಇದು ಗೊತ್ತಿತ್ತು. ಇದಕ್ಕಿಂತ ವಿಶಾಲವಾದ ರೂಪವನ್ನು ಬ್ರಹ್ಮಗುಪ್ತ 628ರ ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿ ವರ್ಗಪ್ರಕೃತಿಯ ಸಮೀಕರಣಗಳಿಗಾಗಿ ಕೊಟ್ಟ, ನಮ್ಮ ಗಣಿತ ಪರಂಪರೆ ಅದನ್ನು ಭಾವನಾ ಎಂದು ಕರೆಯಿತು. ಆಯ್ಲರ್ ತನ್ನ ಸಾಧನೆಯಲ್ಲಿ ಮತ್ತೆ ಮತ್ತೆ ಬಳಸಿದ್ದೂ ಈ ಗುಣಾಕಾರವನ್ನೇ. 5 ಎಂದರೆ 1 + 4, 13 ಎಂದರೆ 4 + 9. ಗುಣಿಸಿದರೆ 65, ಅದು ಒಂದಲ್ಲ ಎರಡು ರೀತಿಯಲ್ಲಿ ಒಡೆಯುತ್ತದೆ: 64 + 1 ಮತ್ತು 49 + 16.

ಎರಡು ರೀತಿ ಎಂಬುದು ಇಲ್ಲಿ ಮುಖ್ಯ. ಅವಿಭಾಜ್ಯವಾದರೆ ವರ್ಗಗಳಾಗಿ ಒಡೆಯುವ ರೀತಿ ಒಂದೇ. ಎರಡನೆಯದು ಕಂಡರೆ ಸಂಖ್ಯೆ ಅವಿಭಾಜ್ಯವಲ್ಲ ಎಂದು ತೀರ್ಮಾನವಾಯಿತು. 10,00,009 ಎಂಬ ಸಂಖ್ಯೆಯನ್ನು ಆಯ್ಲರ್ ಒಮ್ಮೆ ಅವಿಭಾಜ್ಯಗಳ ಪಟ್ಟಿಯಲ್ಲಿ ಸೇರಿಸಿದ್ದ. ಅದು 1000ರ ವರ್ಗಕ್ಕೆ 3ರ ವರ್ಗ ಕೂಡಿದ್ದು ಎಂಬುದು ನೋಡಿದೊಡನೆ ತಿಳಿಯುತ್ತದೆ. ಆಮೇಲೆ ಅವನಿಗೆ ಇನ್ನೊಂದು ರೀತಿಯೂ ಸಿಕ್ಕಿತು: 972ರ ವರ್ಗ, 235ರ ವರ್ಗ. ಅಲ್ಲಿಗೆ ಅದು ಸಂಯುಕ್ತವೆಂದು ಸಾಬೀತಾಯಿತು. ಅಪವರ್ತನಗಳೂ ಅದೇ ನಾಲ್ಕು ಸಂಖ್ಯೆಗಳಿಂದ ಹೊರಬರುತ್ತವೆ. 1000 ಮತ್ತು 972ರ ವ್ಯತ್ಯಾಸ 28, ಮೊತ್ತ 1972. 235 ಮತ್ತು 3ರ ವ್ಯತ್ಯಾಸ 232, ಮೊತ್ತ 238. 28 ಮತ್ತು 232ರ ಮ.ಸಾ.ಅ. 4, 1972 ಮತ್ತು 238ರ ಮ.ಸಾ.ಅ. 34. ಎರಡನ್ನೂ ಅರ್ಧ ಮಾಡಿದರೆ 2 ಮತ್ತು 17, ಅವುಗಳ ವರ್ಗಗಳನ್ನು ಕೂಡಿದರೆ 293. ಹತ್ತು ಲಕ್ಷದ ಒಂಬತ್ತನ್ನು 293ರಿಂದ ಭಾಗಿಸಿದರೆ 3413, ಶೇಷವೇನೂ ಉಳಿಯುವುದಿಲ್ಲ. ಎರಡೂ ಅವಿಭಾಜ್ಯಗಳು, ಎರಡೂ ನಾಲ್ಕರಿಂದ ಭಾಗಿಸಿದರೆ ಶೇಷ 1 ಕೊಡುತ್ತವೆ, ಮತ್ತು 3413 ಎಂಬುದು 58ರ ವರ್ಗಕ್ಕೆ 7ರ ವರ್ಗ ಕೂಡಿದ್ದು.